ಹಾಲ್ ಟಿಕೆಟ್‌ನಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು: ಬ್ಯಾಂಕ್ ಪರೀಕ್ಷೆಗೆ ಹೊರಡುವ ಮುಂಚೆ

ದಾವಣಗೆರೆಯ ಕಾಲೇಜು ರಸ್ತೆಯೊಂದರಲ್ಲಿ ನನ್ನದು ಸಣ್ಣ ಅಂಗಡಿ. ಎರಡು ಕಂಪ್ಯೂಟರ್, ಒಂದು ಜೆರಾಕ್ಸ್ ಮಷೀನು. ಕೆಲಸಕ್ಕೆ ಅರ್ಜಿ ಹಾಕುವವರೇ ಜಾಸ್ತಿ ಬರುತ್ತಾರೆ. ಬ್ಯಾಂಕ್ ಕೆಲಸಗಳಿಗೆ ನಡೆಯುವ ಐಬಿಪಿಎಸ್ ಪರೀಕ್ಷೆಯ ಕಾಲ್ ಲೆಟರ್, ಅಂದರೆ ಹಾಲ್ ಟಿಕೆಟ್, ಬಿಟ್ಟ ವಾರ ಕೌಂಟರ್ ಮೇಲೆ ಒಂದೇ ದೂರು: "ಅಣ್ಣಾ, ಇದರಲ್ಲಿ ಹೆಸರು ಹೀಗಿದೆ, ಆಧಾರ್‌ನಲ್ಲಿ ಹಾಗಿದೆ. ಒಳಗೆ ಬಿಡ್ತಾರಾ?"

ಬಿಡುತ್ತಾರೋ ಇಲ್ಲವೋ ಅನ್ನುವುದಕ್ಕೆ ಕಾಲ್ ಲೆಟರ್‌ನ ಸೂಚನೆಗಳಲ್ಲೇ ಉತ್ತರ ಇದೆ. ಆದರೆ ಆ ಪುಟವನ್ನು ಯಾರೂ ಓದುವುದಿಲ್ಲ. ಕಾಲ್ ಲೆಟರ್‌ನ ಹೆಸರೂ ಫೋಟೋ ಇರುವ ಗುರುತಿನ ಚೀಟಿಯ ಹೆಸರೂ ತಾಳೆಯಾಗಬೇಕು, ಇಲ್ಲದಿದ್ದರೆ ಪರೀಕ್ಷೆಗೆ ಬಿಡುವುದಿಲ್ಲ ಎಂದು ಅಲ್ಲಿ ಬರೆದಿದೆ. "ಗುರುತಿನ ಚೀಟಿ" ಅಂತ ಇದೆಯೇ ಹೊರತು ಆಧಾರ್ ಒಂದೇ ಅಂತ ಇಲ್ಲ. ಅರ್ಧ ಜನರ ತೊಂದರೆ ಅಷ್ಟು ಗೊತ್ತಾದರೆ ಅಲ್ಲೇ ಮುಗಿಯುತ್ತದೆ. ಹೇಗೆ ಅಂತ ಮುಂದೆ ಹೇಳುತ್ತೇನೆ.

ಇಲ್ಲಿ ಬರೆದಿರುವುದು ಐಬಿಪಿಎಸ್ ಪರೀಕ್ಷೆಯನ್ನು ಇಟ್ಟುಕೊಂಡು. ಬೇರೆ ಪರೀಕ್ಷೆಗಳಲ್ಲಿ ನಿಯಮ ಸ್ವಲ್ಪ ಬೇರೆ ಇರುತ್ತದೆ. ದೋಷ ಹುಡುಕುವ ದಾರಿ ಮಾತ್ರ ಎಲ್ಲಕ್ಕೂ ಒಂದೇ.

ಮೊದಲ ತಪಾಸಣೆ: ತಪ್ಪು ಯಾವ ಕಾಗದದಲ್ಲಿದೆ?

ಇದಕ್ಕೆ ಐದು ನಿಮಿಷ ಸಾಕು, ಖರ್ಚೂ ಇಲ್ಲ. ಕಾಲ್ ಲೆಟರ್ ಪ್ರಿಂಟ್ ತೆಗೆಯಿರಿ. ಪಕ್ಕದಲ್ಲಿ ಆಧಾರ್ ಇಡಿ. ಮೂರನೆಯದಾಗಿ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಇಡಿ. ಮೂರರಲ್ಲೂ ಇಂಗ್ಲಿಷ್ ಹೆಸರನ್ನು ಒಂದೊಂದೇ ಅಕ್ಷರ ಬೆರಳಿಟ್ಟು ಓದಿ. ಆಧಾರ್‌ನ ಕನ್ನಡ ಸಾಲನ್ನು ನೋಡಿ ಸಮಾಧಾನ ಮಾಡಿಕೊಳ್ಳಬೇಡಿ. ಕನ್ನಡದಲ್ಲಿ ಎರಡೂ ಕಡೆ "ಕವಿತಾ" ಇದ್ದರೂ ಇಂಗ್ಲಿಷ್‌ನಲ್ಲಿ ಒಂದು ಕಡೆ Kavitha, ಇನ್ನೊಂದು ಕಡೆ Kavita ಇರಬಹುದು. ಮೇಜಿನ ಹಿಂದೆ ಕೂತವರು ತಾಳೆ ನೋಡುವುದು ಇಂಗ್ಲಿಷ್ ಸಾಲನ್ನೇ.

ಮೂರನೇ ಕಾಗದ ಯಾಕೆ ಅಂದರೆ, ತಪ್ಪು ಯಾವುದರದ್ದು ಅಂತ ಹೇಳುವುದು ಅದೇ. ಕಾಲ್ ಲೆಟರ್ ಮತ್ತು ಅಂಕಪಟ್ಟಿ ಒಂದೇ ಥರ ಇದ್ದು ಆಧಾರ್ ಮಾತ್ರ ಬೇರೆ ಇದ್ದರೆ, ತೊಂದರೆ ಆಧಾರ್‌ದು. ನಿಮ್ಮ ಅರ್ಜಿ ಸರಿಯಾಗಿಯೇ ಇದೆ. ಆಧಾರ್ ಮತ್ತು ಅಂಕಪಟ್ಟಿ ಒಂದೇ ಇದ್ದು ಕಾಲ್ ಲೆಟರ್ ಬೇರೆ ಇದ್ದರೆ, ಅರ್ಜಿ ತುಂಬುವಾಗಲೇ ಕೈ ತಪ್ಪಿದೆ. ಮೂರೂ ಮೂರು ಥರ ಇದ್ದರೆ ಕಾಲ್ ಲೆಟರನ್ನೇ ಅಳತೆಗೋಲು ಮಾಡಿಕೊಳ್ಳಿ. ಪರೀಕ್ಷೆಯ ದಿನದ ಮಟ್ಟಿಗೆ ಉಳಿದ ಕಾಗದಗಳು ಅದಕ್ಕೆ ಹೊಂದಬೇಕು.

ಹೆಸರು ನೋಡಿದ ಕೈಯಲ್ಲೇ ಹುಟ್ಟಿದ ದಿನಾಂಕವನ್ನೂ ಫೋಟೋವನ್ನೂ ನೋಡಿಬಿಡಿ.

ಲಕ್ಷಣ: ಹೆಸರು ಅದೇ, ಇನಿಷಿಯಲ್ ಮಾತ್ರ ಬೇರೆ

ನಮ್ಮ ರಾಜ್ಯದವರಿಗೆ ಅತಿ ಹೆಚ್ಚು ಬರುವ ದೋಷ ಇದು. ಕಾರಣ ಸರಳ. ಶಾಲೆಯಲ್ಲಿ ನಮ್ಮ ಹೆಸರಿನ ಮುಂದೆಯೋ ಹಿಂದೆಯೋ ಒಂದಕ್ಷರ ಹಾಕಿ ಮುಗಿಸುತ್ತಾರೆ. ಪಾನ್ ಕಾರ್ಡ್ ಅರ್ಜಿಯಲ್ಲಿ ಇನಿಷಿಯಲ್ ಹಾಕುವ ಹಾಗಿಲ್ಲ, ಬಿಡಿಸಿ ಬರೆಯಬೇಕು. ಆಧಾರ್ ಮಾಡಿಸುವಾಗ ಅಲ್ಲಿದ್ದವರು ಏನು ಕೇಳಿದರೋ, ಅಪ್ಪ ಏನು ಹೇಳಿದರೋ, ಅದು ಟೈಪ್ ಆಗಿರುತ್ತದೆ. ಹೀಗೆ ಒಬ್ಬಳೇ ಹುಡುಗಿ ಮೂರು ಕಾರ್ಡಿನಲ್ಲಿ ಮೂರು ಹೆಸರಾಗುತ್ತಾಳೆ.

ಒಂದು ಪ್ರಸಂಗ ಹೇಳುತ್ತೇನೆ, ಹೆಸರು ಬದಲಿಸಿದ್ದೇನೆ. ಗ್ರಾಮೀಣ ಬ್ಯಾಂಕ್ ಪರೀಕ್ಷೆ ಶನಿವಾರ. ಕವಿತಾ ಅಂಗಡಿಗೆ ಬಂದದ್ದು ಗುರುವಾರ ಸಂಜೆ. ಕಾಲ್ ಲೆಟರ್‌ನಲ್ಲಿ KAVITHA B, ಅಂಕಪಟ್ಟಿಯಲ್ಲೂ KAVITHA B. ಆಧಾರ್‌ನಲ್ಲಿ Kavita Basavarajappa. ಅಂದರೆ h ಇಲ್ಲ, B ಬಿಡಿಸಿಕೊಂಡಿದೆ. ಎರಡು ವ್ಯತ್ಯಾಸ.

"ನಾಳೆ ಆಧಾರ್ ಸರಿ ಮಾಡಿಸಿಕೊಂಡು ಬರ್ತೀನಿ ಅಣ್ಣಾ" ಅಂದಳು.

"ನಾಳೆ ಕೊಟ್ಟರೆ ಶನಿವಾರಕ್ಕೆ ಬರಲ್ಲಮ್ಮಾ. ಪರ್ಸ್‌ನಲ್ಲಿರೋ ಕಾರ್ಡೆಲ್ಲಾ ಮೊದಲು ತೆಗಿ" ಅಂದೆ.

ಅಗ್ಗದ ಪರಿಹಾರ ಇರುವುದೇ ಅಲ್ಲಿ. ಕಾರ್ಡ್ ತಿದ್ದಿಸಲು ಓಡುವ ಮುಂಚೆ, ಹೊಂದುವ ಕಾರ್ಡ್ ಆಗಲೇ ಮನೆಯಲ್ಲಿದೆಯಾ ಅಂತ ಹುಡುಕಿ. ಐಬಿಪಿಎಸ್ ಒಪ್ಪುವ ಪಟ್ಟಿ ಉದ್ದವೇ ಇದೆ: ಪಾನ್, ಪಾಸ್‌ಪೋರ್ಟ್, ಪರ್ಮನೆಂಟ್ ಡ್ರೈವಿಂಗ್ ಲೈಸೆನ್ಸ್, ವೋಟರ್ ಕಾರ್ಡ್, ಫೋಟೋ ಇರುವ ಬ್ಯಾಂಕ್ ಪಾಸ್‌ಬುಕ್, ಮಾನ್ಯತೆ ಪಡೆದ ಕಾಲೇಜಿನ ಈಗಿನ ಗುರುತಿನ ಚೀಟಿ, ಗೆಜೆಟೆಡ್ ಅಧಿಕಾರಿ ತಮ್ಮ ಲೆಟರ್‌ಹೆಡ್‌ನಲ್ಲಿ ಫೋಟೋ ಸಮೇತ ಕೊಟ್ಟ ಪತ್ರ. ರೇಷನ್ ಕಾರ್ಡ್ ಆಗುವುದಿಲ್ಲ. ಎಲ್ಎಲ್ಆರ್ ಕೂಡ ಆಗುವುದಿಲ್ಲ. ಈ ಎರಡನ್ನು ಹಿಡಿದುಕೊಂಡು ಹೋಗಿ ವಾಪಸ್ ಬಂದವರಿದ್ದಾರೆ.

ಕವಿತಾಳ ವೋಟರ್ ಕಾರ್ಡ್ ತೆಗೆದು ನೋಡಿದರೆ KAVITHA B ಅಂತಲೇ ಇತ್ತು. ವೋಟರ್ ಕಾರ್ಡ್‌ನಲ್ಲಿ ತಂದೆಯ ಹೆಸರು ಬೇರೆ ಸಾಲಿನಲ್ಲಿ ಇರುತ್ತದೆ. ಹಾಗಾಗಿ ಇನಿಷಿಯಲ್ ಇನಿಷಿಯಲ್ ಆಗಿಯೇ ಉಳಿದಿರುತ್ತದೆ, ಅದು ಏನಕ್ಕೆ ನಿಂತಿದೆ ಅನ್ನುವುದೂ ಕೆಳಗೇ ಕಾಣುತ್ತದೆ. ಸಂಕಷ್ಟದಲ್ಲಿ ನಾನು ಮೊದಲು ಕೇಳುವುದು ಈ ಕಾರ್ಡನ್ನೇ. ಬ್ಯಾಂಕ್ ಪಾಸ್‌ಬುಕ್ ಅಷ್ಟು ಉಪಯೋಗಕ್ಕೆ ಬರುವುದಿಲ್ಲ. ಖಾತೆ ಆಧಾರ್ ತೋರಿಸಿ ತೆರೆದದ್ದಾದರೆ ಅದೇ ತಪ್ಪು ಅಲ್ಲಿಗೂ ಇಳಿದಿರುತ್ತದೆ.

ಒಂದೇ ಅಡಚಣೆ ಇತ್ತು. ವೋಟರ್ ಕಾರ್ಡ್‌ನ ಫೋಟೋ ಮಸುಕು. ಅದಕ್ಕೇ ವೋಟರ್ ಕಾರ್ಡನ್ನು ಮುಖ್ಯ ಗುರುತಾಗಿ ಇಟ್ಟು, ಆಧಾರನ್ನು ಮುಖ ತೋರಿಸಲು ಜೊತೆಗಿಟ್ಟೆವು. ಎರಡೂ ಹೆಸರಿಗೆ ಸೇತುವೆಯಾಗಿ ಅಂಕಪಟ್ಟಿ ಇಟ್ಟೆವು. ನಮ್ಮ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ತಂದೆ ತಾಯಿಯ ಹೆಸರು ಅಚ್ಚಾಗಿರುತ್ತದೆ. ಮೇಲೆ KAVITHA B, ಕೆಳಗೆ ತಂದೆ Basavarajappa. B ಅಂದರೆ ಏನು ಅಂತ ಬಾಯಲ್ಲಿ ಹೇಳಬೇಕಾಗಿಲ್ಲ, ಬೆರಳು ಇಟ್ಟು ತೋರಿಸಿದರೆ ಸಾಕು.

ಇಲ್ಲಿ ಜನ ಎಡವುವ ಒಂದು ಜಾಗ ಇದೆ. ಕಾಲ್ ಲೆಟರ್ ಜೊತೆ ಗುರುತಿನ ಚೀಟಿಯ ಜೆರಾಕ್ಸ್ ಲಗತ್ತಿಸಿ ಕೊಡಬೇಕು. ತೋರಿಸುವ ಒರಿಜಿನಲ್ ಯಾವುದೋ ಜೆರಾಕ್ಸ್ ಕೂಡ ಅದರದ್ದೇ ಆಗಿರಬೇಕು. ಕವಿತಾ ಅಭ್ಯಾಸಬಲದಿಂದ ಆಧಾರ್ ಜೆರಾಕ್ಸ್ ಪಿನ್ ಮಾಡಿಕೊಂಡು ಬಂದಿದ್ದಳು. ಅದನ್ನು ಕಿತ್ತು ವೋಟರ್ ಕಾರ್ಡಿನ ಎರಡೂ ಬದಿಯ ಜೆರಾಕ್ಸ್ ಹಾಕಿಕೊಟ್ಟೆ.

ಹೊಂದುವ ಕಾರ್ಡ್ ಒಂದೂ ಸಿಗಲಿಲ್ಲ ಅಂದರೆ ಮಾತ್ರ ಅಫಿಡವಿಟ್‌ಗೆ ಹೋಗಿ. ಕರ್ನಾಟಕದಲ್ಲಿ ಈಗ ಅಫಿಡವಿಟ್‌ಗೆ 100 ರೂಪಾಯಿಯ ಇ-ಸ್ಟಾಂಪ್ ಕಾಗದ ಬೇಕು, ಹಿಂದಿನ 20 ರೂಪಾಯಿ ಈಗ ನಡೆಯುವುದಿಲ್ಲ. ಕೋರ್ಟ್ ಹತ್ತಿರ ಬೆಳಿಗ್ಗೆ ಹೋದರೆ ಟೈಪಿಂಗು, ನೋಟರಿ ಎರಡೂ ಮಧ್ಯಾಹ್ನದೊಳಗೆ ಮುಗಿಯುತ್ತವೆ. ಇಂಗ್ಲಿಷ್‌ನಲ್ಲೇ ಮಾಡಿಸಿ, ತಪಾಸಣೆಗೆ ಕೂತವರಿಗೆ ಕನ್ನಡ ಬಾರದೇ ಇರಬಹುದು. ಸಾರಾಂಶ ಇಷ್ಟೇ ಇರಲಿ: ಕಾಲ್ ಲೆಟರ್‌ನಲ್ಲಿ ಹೀಗೆ ಅಚ್ಚಾಗಿರುವ ಹೆಸರೂ, ಇಂಥ ನಂಬರಿನ ಆಧಾರ್‌ನಲ್ಲಿ ಹೀಗೆ ಅಚ್ಚಾಗಿರುವ ಹೆಸರೂ ನನ್ನದೇ, ಇಬ್ಬರೂ ಒಬ್ಬಳೇ ವ್ಯಕ್ತಿ. ಎರಡೂ ಹೆಸರು ಕಾರ್ಡಿನಲ್ಲಿ ಇದ್ದಂತೆ, ಚುಕ್ಕೆ ಬಿಡದೆ ಟೈಪ್ ಆಗಿವೆಯಾ ನೋಡಿ. ಅಫಿಡವಿಟ್‌ನಲ್ಲೇ ಮೂರನೇ ಸ್ಪೆಲ್ಲಿಂಗ್ ಹುಟ್ಟಿಸಿಕೊಂಡು ಬಂದವರನ್ನು ನಾನು ನೋಡಿದ್ದೇನೆ. ನಿಮ್ಮ ಫೋಟೋ ಅಂಟಿಸಿ, ನೋಟರಿಯ ಸಹಿ, ಸೀಲು ಬಿದ್ದಿದೆಯಾ ನೋಡಿಕೊಂಡು ತನ್ನಿ.

ಅಫಿಡವಿಟ್ ಇದ್ದರೆ ಬಿಟ್ಟೇ ಬಿಡುತ್ತಾರೆ ಅಂತ ನಾನು ಯಾರಿಗೂ ಮಾತು ಕೊಡುವುದಿಲ್ಲ. ಹೆಸರು ಬದಲಾದವರು ಗೆಜೆಟ್ ಪ್ರಕಟಣೆ, ಮದುವೆ ಸರ್ಟಿಫಿಕೇಟ್ ಅಥವಾ ಅಫಿಡವಿಟ್‌ನ ಒರಿಜಿನಲ್ ತೋರಿಸಿದರೆ ಬಿಡಲಾಗುತ್ತದೆ ಎಂದು ಸೂಚನೆಯಲ್ಲಿ ಇದೆ. ನೀವು ನೆಚ್ಚಿಕೊಳ್ಳಬೇಕಾದದ್ದು ಆ ಸಾಲನ್ನೇ. ಆ ಸಾಲಿಗೆ ಪೆನ್ನಿನಿಂದ ಗೆರೆ ಎಳೆದ ಸೂಚನಾ ಪುಟದ ಪ್ರಿಂಟ್ ಕೂಡ ಒಂದು ಜೊತೆಗಿರಲಿ.

ಲಕ್ಷಣ: ಒಂದೆರಡು ಅಕ್ಷರದ ವ್ಯತ್ಯಾಸ ಅಷ್ಟೇ

Manjunath ಮತ್ತು Manjunatha, Laxmi ಮತ್ತು Lakshmi, Geeta ಮತ್ತು Geetha. ಕನ್ನಡದ ಹೆಸರನ್ನು ಇಂಗ್ಲಿಷ್‌ಗೆ ಹಾಕುವಾಗ ಆಗುವ ಎಡವಟ್ಟು. ಇಲ್ಲಿ ದಿನಾಂಕ, ಫೋಟೋ, ತಂದೆಯ ಹೆಸರು ಎಲ್ಲಾ ಒಂದೇ ಇದ್ದರೆ ಆತಂಕ ಕಡಿಮೆ. ಆದರೆ "ಒಂದಕ್ಷರ ತಾನೇ" ಅಂತ ಬಿಡಬೇಡಿ. ನಿಯಮದ ಮಾತು "ಪೂರ್ತಿ ತಾಳೆ" ಅಂತಿದೆ, ಒಂದಕ್ಷರಕ್ಕೆ ರಿಯಾಯಿತಿ ಅಂತ ಎಲ್ಲೂ ಬರೆದಿಲ್ಲ. ದಾರಿ ಮೇಲಿನದ್ದೇ: ಮೊದಲು ಹೊಂದುವ ಕಾರ್ಡ್, ಆಮೇಲೆ ಅಂಕಪಟ್ಟಿ, ಕೊನೆಗೆ ಅಫಿಡವಿಟ್.

ದೊಡ್ಡಕ್ಷರ, ಸಣ್ಣಕ್ಷರದ ವ್ಯತ್ಯಾಸ ದೋಷವೇ ಅಲ್ಲ. KAVITHA B ಮತ್ತು Kavitha B ಒಂದೇ. ಇದಕ್ಕೂ ನಿದ್ದೆ ಕೆಡಿಸಿಕೊಂಡು ಬರುತ್ತಾರೆ, ಪಾಪ.

ಲಕ್ಷಣ: ಮದುವೆಯಾದ ಮೇಲೆ ಹೆಸರು ಬದಲಾಗಿದೆ

ಅರ್ಜಿ ತವರಿನ ಹೆಸರಲ್ಲಿ, ಆಧಾರ್ ಗಂಡನ ಮನೆ ಹೆಸರಲ್ಲಿ. ಹೆಣ್ಣುಮಕ್ಕಳು ಇದನ್ನು ವಿಶೇಷವಾಗಿ ಗಮನಿಸಬೇಕು ಅಂತ ಸೂಚನೆಯಲ್ಲೇ ಇದೆ. ಬೇಕಾದ್ದು ಮದುವೆ ನೋಂದಣಿ ಸರ್ಟಿಫಿಕೇಟ್‌ನ ಒರಿಜಿನಲ್. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಸಿಗುವಂಥದ್ದು. ಲಗ್ನಪತ್ರಿಕೆ ಅಥವಾ ಛತ್ರದ ರಸೀದಿ ಅಲ್ಲ. ನಗಬೇಡಿ, ಲಗ್ನಪತ್ರಿಕೆಯನ್ನು ಲ್ಯಾಮಿನೇಷನ್ ಮಾಡಿಸಿಕೊಂಡು ಬಂದವರೊಬ್ಬರಿದ್ದರು.

ಸರ್ಟಿಫಿಕೇಟ್‌ನಲ್ಲಿರುವ ತವರಿನ ಹೆಸರು ಕಾಲ್ ಲೆಟರ್‌ಗೆ ಹೊಂದುತ್ತದಾ ಅಂತಲೂ ನೋಡಿ. ಆಧಾರ್ ಮಾತ್ರ ಬದಲಾಗಿ, ಪಾನ್ ಇನ್ನೂ ಹಳೇ ಹೆಸರಲ್ಲೇ ಇದ್ದರೆ ಸರ್ಟಿಫಿಕೇಟ್ ತನಕ ಹೋಗುವುದೇ ಬೇಡ. ಪಾನ್ ತೋರಿಸಿ.

ಲಕ್ಷಣ: ತಪ್ಪು ಕಾಲ್ ಲೆಟರ್‌ನಲ್ಲೇ ಇದೆ

ಅರ್ಜಿ ತುಂಬುವಾಗ ಬೆರಳು ಜಾರಿ KAVIHTA ಆಗಿದೆ ಅಂದುಕೊಳ್ಳಿ. ಪರೀಕ್ಷಾ ಕೇಂದ್ರದಲ್ಲಿ ಇದನ್ನು ತಿದ್ದುವ ಅಧಿಕಾರ ಯಾರಿಗೂ ಇಲ್ಲ. ಈಗ ಕೆಲವು ಪರೀಕ್ಷೆಗಳಲ್ಲಿ ಅರ್ಜಿ ತಿದ್ದಲು ಒಂದೆರಡು ದಿನ ಕೊಡುತ್ತಾರೆ. ಕೇಂದ್ರ ಸರ್ಕಾರದ ಕೆಲಸಗಳಿಗೆ ಪರೀಕ್ಷೆ ನಡೆಸುವ ಎಸ್ಎಸ್‌ಸಿ ಮೊದಲ ಸಲ ತಿದ್ದಲು 200 ರೂಪಾಯಿ, ಎರಡನೇ ಸಲಕ್ಕೆ 500 ರೂಪಾಯಿ ತೆಗೆದುಕೊಳ್ಳುತ್ತದೆ. ಆ ದಿನಗಳು ಕಾಲ್ ಲೆಟರ್ ಬರುವ ಹೊತ್ತಿಗೆ ಮುಗಿದಿರುತ್ತವೆ.

ಉಳಿದ ದಾರಿ ಎರಡು. ಐಬಿಪಿಎಸ್‌ನ ದೂರು ತಾಣ `cgrs.ibps.in` ನಲ್ಲಿ ರಿಜಿಸ್ಟ್ರೇಷನ್ ನಂಬರ್ ಹಾಕಿ ಬರೆಯಿರಿ. ದೂರಿನ ನಂಬರ್ ಸಮೇತ ಆ ಪುಟದ ಪ್ರಿಂಟ್ ತೆಗೆದಿಡಿ. ಉತ್ತರ ಪರೀಕ್ಷೆಗೆ ಮುಂಚೆ ಬರದಿದ್ದರೂ, ನೀವು ತಪ್ಪನ್ನು ಮುಚ್ಚಿಡಲಿಲ್ಲ ಅನ್ನುವುದಕ್ಕೆ ಅದು ದಾಖಲೆ. ಜೊತೆಗೆ ಅಫಿಡವಿಟ್ ಇರಲಿ.

ಎಚ್ಚರಿಕೆ ಹೇಳಬೇಕಾದ ಜಾಗವೂ ಇದೇ. ಕಾಲ್ ಲೆಟರ್ ಮೇಲೆ ಪೆನ್ನಿನಿಂದ ತಿದ್ದಬೇಡಿ. ಪಿಡಿಎಫ್‌ನಲ್ಲಿ ಅಕ್ಷರ ಬದಲಿಸಿ ಪ್ರಿಂಟ್ ಮಾಡಿಕೊಡಿ ಅಂತ ನನ್ನಂಥವರನ್ನು ಕೇಳಲೂ ಬೇಡಿ. ಆಧಾರ್‌ಗೂ ಅಷ್ಟೇ. ತಪ್ಪಾದ ಹೆಸರು ಇದ್ದರೆ ಹೋಗುವುದು ಒಂದು ಪರೀಕ್ಷೆ. ತಿದ್ದಿದ ಕಾಗದ ಸಿಕ್ಕಿಬಿದ್ದರೆ ಅದು ನಕಲಿ ದಾಖಲೆಯ ಕೇಸು, ಮುಂದಿನ ಪರೀಕ್ಷೆಗಳಿಂದಲೂ ಹೊರಗಿಡಬಹುದು. "ಒಂದೇ ದಿನದಲ್ಲಿ ಆಧಾರ್ ಹೆಸರು ಬದಲಿಸಿ ಕೊಡ್ತೀವಿ, ಓಟಿಪಿ ಹೇಳಿ" ಅನ್ನುವವರ ಕಡೆ ತಲೆಯೂ ಹಾಕಬೇಡಿ.

ಲಕ್ಷಣ: ಹೆಸರು ಸರಿ, ಹುಟ್ಟಿದ ದಿನಾಂಕ ಬೇರೆ ಅಥವಾ ವರ್ಷ ಮಾತ್ರ ಇದೆ

ಹಳೇ ಆಧಾರ್ ಕಾರ್ಡ್ ಕೆಲವುಗಳಲ್ಲಿ ಹುಟ್ಟಿದ ವರ್ಷ ಮಾತ್ರ ಇರುತ್ತದೆ. ಎಸ್ಎಸ್‌ಸಿ ಪರೀಕ್ಷೆಗೆ ಇದು ಸಾಕಾಗುವುದಿಲ್ಲ. ಪೂರ್ತಿ ದಿನಾಂಕ ಇರುವ ಇನ್ನೊಂದು ಒರಿಜಿನಲ್, ಉದಾಹರಣೆಗೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಜೊತೆಗೆ ಒಯ್ಯಬೇಕು ಅಂತ ನಿಯಮ ಇದೆ. ಪೂರ್ತಿ ದಿನಾಂಕ ಇದ್ದು ಅದು ಹಾಲ್ ಟಿಕೆಟ್‌ಗೆ ಹೊಂದದಿದ್ದರೆ ಅಲ್ಲಿ ಬಿಡುವುದೇ ಇಲ್ಲ. ಹೆಸರಿನ ಅಫಿಡವಿಟ್ ಇದಕ್ಕೆ ಮದ್ದಲ್ಲ. ದಿನಾಂಕ ಸರಿ ಇರುವ ಬೇರೆ ಕಾರ್ಡ್ ಇಲ್ಲದಿದ್ದರೆ ಮನೆಯಲ್ಲಿ ಪ್ರಯೋಗ ಮಾಡುತ್ತಾ ಕೂರಬೇಡಿ, ಅದೇ ದಿನ ಪರೀಕ್ಷೆ ನಡೆಸುವ ಕಚೇರಿಯ ಸಹಾಯವಾಣಿಗೆ ಕರೆ ಮಾಡಿ. ಹೆಸರು, ದಿನಾಂಕ ಎರಡೂ ಬೇರೆ ಇದ್ದರೂ, ಕಾಲ್ ಲೆಟರ್‌ನಲ್ಲಿ ಬೇರೆಯವರ ಫೋಟೋ ಬಂದಿದ್ದರೂ ಇದೇ ಮಾತು.

ಹಿಂದಿನ ರಾತ್ರಿ ಕವರ್‌ನಲ್ಲಿ ಏನಿರಬೇಕು

ಕವಿತಾಳ ಪ್ಲಾಸ್ಟಿಕ್ ಕವರ್‌ನಲ್ಲಿ ಇದ್ದದ್ದು: ಫೋಟೋ ಅಂಟಿಸಿದ ಕಾಲ್ ಲೆಟರ್, ಅದಕ್ಕೆ ಪಿನ್ ಮಾಡಿದ ವೋಟರ್ ಕಾರ್ಡ್ ಜೆರಾಕ್ಸ್, ವೋಟರ್ ಕಾರ್ಡ್ ಒರಿಜಿನಲ್, ಆಧಾರ್ ಒರಿಜಿನಲ್, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಒರಿಜಿನಲ್ ಮತ್ತು ಒಂದು ಜೆರಾಕ್ಸ್, ಅರ್ಜಿಯಲ್ಲಿ ಹಾಕಿದ ಅದೇ ಫೋಟೋ ಎರಡು. ಶುಕ್ರವಾರ ಹೇಗೂ ಸಮಯ ಇತ್ತು, ಅಫಿಡವಿಟ್ ಕೂಡ ಮಾಡಿಸಿದ್ದಳು.

ಮೊಬೈಲ್‌ನಲ್ಲಿ ಡಿಜಿಲಾಕರ್ ತೋರಿಸಿದರೆ ಆಯ್ತು ಅಂದುಕೊಳ್ಳಬೇಡಿ. ಮೊಬೈಲೇ ಒಳಗೆ ಹೋಗುವುದಿಲ್ಲವಲ್ಲ. ಒರಿಜಿನಲ್ ಅಂಕಪಟ್ಟಿಯನ್ನು ಯಾರು ಕೇಳಿದರೂ ಕೊಟ್ಟು ಬರಬೇಡಿ, ತೋರಿಸಿ ವಾಪಸ್ ಇಸ್ಕೊಳ್ಳಿ. ಕೊಡಲೇಬೇಕು ಅಂದರೆ ಜೆರಾಕ್ಸ್ ಕೊಡಿ.

ಗೇಟಲ್ಲಿ ತಡೆದರೆ

ಕೊಟ್ಟ ಸಮಯಕ್ಕಿಂತ ಒಂದು ಗಂಟೆ ಮುಂಚೆ ಹೋಗಿ. ತಡೆದಾಗ ಮಾತಾಡಲು ಸಮಯ ಬೇಕು. ಗೇಟು ಹಾಕುವ ಹತ್ತು ನಿಮಿಷ ಮುಂಚೆ ಹೋದವರ ಜೊತೆ ಯಾರೂ ಚರ್ಚೆ ಮಾಡುವುದಿಲ್ಲ.

ಕೇಳುವ ಮುಂಚೆ ಎಲ್ಲಾ ಕಾಗದ ಮೇಜಿನ ಮೇಲೆ ಹರಡಬೇಡಿ. ಕಾಲ್ ಲೆಟರ್, ಹೊಂದುವ ಕಾರ್ಡ್, ಇಷ್ಟೇ ಕೊಡಿ. ಸರಿ ಇದ್ದರೆ ಮುಂದಕ್ಕೆ ಕಳಿಸುತ್ತಾರೆ, ಫೋಟೋ, ಬೆರಳಚ್ಚು ತೆಗೆಯುತ್ತಾರೆ. ಐದು ಹೆಸರಿನ ಐದು ಕಾಗದ ಒಟ್ಟಿಗೆ ಕಂಡರೆ ಇಲ್ಲದ ಅನುಮಾನ ಹುಟ್ಟುತ್ತದೆ. ಪ್ರಶ್ನೆ ಬಂದಾಗ ಅಂಕಪಟ್ಟಿ, ಆಮೇಲೂ ಒಪ್ಪದಿದ್ದರೆ ಅಫಿಡವಿಟ್.

ಮೇಜಿನಲ್ಲಿ ಕೂತ ಹುಡುಗ ಹುಡುಗಿಯರು ತಾಳೆ ನೋಡುವವರು, ತೀರ್ಮಾನ ಅವರದ್ದಲ್ಲ. ಅವರ ಮೇಲೆ ಕೂಗಾಡಿ ಪ್ರಯೋಜನ ಇಲ್ಲ. "ಸರ್, ಕೇಂದ್ರದ ಮುಖ್ಯಸ್ಥರ ಹತ್ತಿರ ಒಂದು ನಿಮಿಷ ಮಾತಾಡ್ತೀನಿ" ಅಂತ ಕೇಳಿ. ಅವರು ಮುಚ್ಚಳಿಕೆ ಬರೆದುಕೊಡಿ ಅಂದರೆ ಓದಿ, ಸಹಿ ಹಾಕಿ. ಅವರೂ ಬೇಡ ಅಂದರೆ ಅಲ್ಲಿಗೆ ನಿಲ್ಲಿಸಿ. ಕಾರಣ ಬರೆದುಕೊಡಿ ಅಂತ ಕೇಳಿ, ಕೊಡದಿದ್ದರೆ ಸಮಯ ಮತ್ತು ಮಾತಾಡಿದವರ ಹುದ್ದೆ ನೀವೇ ಬರೆದುಕೊಂಡು, ಅದೇ ದಿನ ದೂರು ತಾಣದಲ್ಲಿ ಹಾಕಿ.

ಕವಿತಾಳ ವೋಟರ್ ಕಾರ್ಡ್ ನೋಡಿ, ಫೋಟೋ ಮಸುಕಿದೆ ಅಂತ ಒಬ್ಬರು ಆಧಾರ್ ಕೇಳಿದರಂತೆ. ಆಧಾರ್ ನೋಡಿ ಹೆಸರು ಬೇರೆ ಅಂದರಂತೆ. ಇವಳು ಅಂಕಪಟ್ಟಿಯ ತಂದೆಯ ಹೆಸರಿನ ಮೇಲೆ ಬೆರಳಿಟ್ಟಳು. ಒಳಗೆ ಬಿಟ್ಟರು. ಅಫಿಡವಿಟ್ ಕವರ್‌ನಿಂದ ಹೊರಗೇ ಬರಲಿಲ್ಲ.

ಪರೀಕ್ಷೆ ಮುಗಿದ ಸೋಮವಾರ: ಆಧಾರ್ ತಿದ್ದುಪಡಿ

ಪ್ರಿಲಿಮ್ಸ್ ದಾಟಿದರೆ ಮೇನ್ಸ್‌ಗೂ ಇದೇ ತಾಳೆ ಇದೆ, ಕೆಲಸಕ್ಕೆ ಸೇರುವಾಗಲೂ ಇದೆ. ಆಧಾರ್ ಹೆಸರನ್ನು ಅಂಕಪಟ್ಟಿಯಂತೆ ಮಾಡಿಸಿ, ಅಂಕಪಟ್ಟಿಯನ್ನು ಆಧಾರ್‌ನಂತೆ ಮಾಡಿಸಲು ಹೋಗಬೇಡಿ. ನೇಮಕಾತಿಯಲ್ಲಿ ಎಲ್ಲರೂ ಕೊನೆಗೆ ಕೇಳುವುದು ಹತ್ತನೇ ತರಗತಿಯ ಹೆಸರನ್ನೇ. ರೈಲ್ವೆ ಅರ್ಜಿಗಳಲ್ಲಂತೂ ಆಧಾರ್‌ನ ಹೆಸರು, ದಿನಾಂಕ ಎರಡೂ ಹತ್ತನೇ ತರಗತಿಯದಕ್ಕೆ ನೂರಕ್ಕೆ ನೂರು ಹೊಂದಬೇಕು ಅಂತ ಹೇಳುತ್ತಾರೆ.

ಆಧಾರ್ ಕೇಂದ್ರಕ್ಕೆ ಫೋಟೋ ಇರುವ, ಸರಿ ಹೆಸರಿನ ಒರಿಜಿನಲ್ ದಾಖಲೆ ಒಯ್ಯಿರಿ. 2025ರ ಅಕ್ಟೋಬರ್‌ನಿಂದ ಹೆಸರಿನ ತಿದ್ದುಪಡಿಗೆ ಶುಲ್ಕ 75 ರೂಪಾಯಿ. ಜೀವಮಾನದಲ್ಲಿ ಹೆಸರು ಬದಲಿಸಲು ಎರಡೇ ಅವಕಾಶ. ಹಾಗಾಗಿ ಆಪರೇಟರ್ ಟೈಪ್ ಮಾಡುವಾಗ ಪರದೆ ನಿಮ್ಮ ಕಡೆ ತಿರುಗಿಸಲು ಹೇಳಿ, ಬೆರಳಚ್ಚು ಕೊಡುವ ಮುಂಚೆಯೇ ಹೆಸರು ಓದಿ. ಕೈಗೆ ಕೊಡುವ ರಸೀದಿ ಗುರುತಿನ ಚೀಟಿ ಅಲ್ಲ, ಅದನ್ನು ಪರೀಕ್ಷೆಗೆ ಒಯ್ಯಬೇಡಿ. ತಿದ್ದುಪಡಿಗೆ 30 ದಿನ ಹಿಡಿಯಬಹುದು ಅಂತ ಲೆಕ್ಕ ಇಟ್ಟುಕೊಳ್ಳಿ. ಅದಕ್ಕಿಂತ ತಡವಾದರೆ 1947ಕ್ಕೆ ಕರೆ ಮಾಡಿ, ರಸೀದಿ ನಂಬರ್ ಹೇಳಿ ವಿಚಾರಿಸಬಹುದು.

ಹೊಸ ಇ-ಆಧಾರ್ ಇಳಿಸಿಕೊಂಡು "ಪಾಸ್‌ವರ್ಡ್ ತಗೊಳ್ತಿಲ್ಲ ಅಣ್ಣಾ" ಅಂತ ಬರುವವರು ಬಹಳ. ಪಾಸ್‌ವರ್ಡ್ ಅಂದರೆ ಇಂಗ್ಲಿಷ್ ಹೆಸರಿನ ಮೊದಲ ನಾಲ್ಕು ದೊಡ್ಡಕ್ಷರ, ಆಮೇಲೆ ಹುಟ್ಟಿದ ವರ್ಷ. ಹೆಸರು ಬದಲಾದರೆ ಪಾಸ್‌ವರ್ಡ್ ಕೂಡ ಬದಲಾಗಬಹುದು. ಇನಿಷಿಯಲ್ ಮುಂದಿದ್ದು ಚುಕ್ಕೆ ಇದ್ದರೆ ಆ ಚುಕ್ಕೆಯೂ ಲೆಕ್ಕಕ್ಕೆ ಬರುತ್ತದೆ:

```
KAVITHA B,   2001  →  KAVI2001
B. KAVITHA,  2001  →  B.KA2001
```

ಕವಿತಾಳದ್ದು ಇಪ್ಪತ್ತು ದಿನಕ್ಕೆ ಬಂತು. ಮೇನ್ಸ್ ಕಾಲ್ ಲೆಟರ್ ಪ್ರಿಂಟ್ ತೆಗೆಸಲು ಬಂದಾಗ ಹೊಸ ಆಧಾರನ್ನೂ ಕಲರ್‌ನಲ್ಲಿ ತೆಗೆಸಿಕೊಂಡಳು. ವೋಟರ್ ಕಾರ್ಡ್ ಮಾತ್ರ ಕವರ್‌ನಿಂದ ತೆಗೆಯಲಿಲ್ಲ.